ಆರು ಗುಂಪು ಚರ್ಚೆ, ನಾಲ್ಕು ಥೀಮ್: ಗೈಡ್ ಯಾಕೆ ಒಪ್ಪಲಿಲ್ಲ?

ಪ್ರಶ್ನೆ: ನಾನು ಸಮುದಾಯ ವೈದ್ಯಕೀಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ಕೊಪ್ಪಳ ಜಿಲ್ಲೆಯ ಬಸುರಿಯರು ಕಬ್ಬಿಣಾಂಶದ ಗುಳಿಗೆಯನ್ನು ಯಾಕೆ ಪೂರ್ತಿ ತೆಗೆದುಕೊಳ್ಳುವುದಿಲ್ಲ ಎಂಬುದರ ಮೇಲೆ ಥೀಸಿಸ್ ಮಾಡುತ್ತಿದ್ದೇನೆ. ಯಲಬುರ್ಗಾ ಕಡೆ ಎರಡು, ಗಂಗಾವತಿ ಕಡೆ ಎರಡು ಬಸುರಿಯರ ಗುಂಪು, ಅತ್ತೆಯರದು ಒಂದು, ಆಶಾ ಕಾರ್ಯಕರ್ತೆಯರದು ಒಂದು, ಹೀಗೆ ಆರು ಗುಂಪು ಚರ್ಚೆ ಮುಗಿದಿವೆ. ಜ್ಞಾನದ ಕೊರತೆ, ಅಡ್ಡಪರಿಣಾಮ, ಕುಟುಂಬದ ಪಾತ್ರ, ಆರೋಗ್ಯ ಸೇವೆ ಎಂದು ನಾಲ್ಕು ಥೀಮ್ ಬರೆದೆ. ಗೈಡ್ ಇವು ಥೀಮೇ ಅಲ್ಲ ಅಂದರು. ಇನ್ನೊಬ್ಬ ಪ್ರೊಫೆಸರ್ "ಎಷ್ಟು ಜನ ಹೀಗೆ ಹೇಳಿದರು, ಕಪ್ಪಾ ಎಷ್ಟು, ಆರೇ ಗುಂಪು ಯಾಕೆ" ಎಂದು ಕೇಳಿದರು. ಏನು ಸರಿಪಡಿಸಲಿ, ಏನು ಉತ್ತರ ಕೊಡಲಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಆ ನಾಲ್ಕೂ ನೀವು ಊರಿಗೆ ಹೋಗುವ ಮೊದಲೇ ನಿಮ್ಮ ಪ್ರಶ್ನಾವಳಿಯಲ್ಲಿದ್ದ ತಲೆಬರಹಗಳು. ಗುಳಿಗೆ ಬಗ್ಗೆ ಏನು ಗೊತ್ತು, ತೆಗೆದುಕೊಂಡರೆ ಏನಾಗುತ್ತದೆ, ಮನೆಯವರು ಏನನ್ನುತ್ತಾರೆ, ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಕೇಳಿದಿರಿ. ಬಂದ ಮಾತುಗಳನ್ನು ಅದೇ ನಾಲ್ಕು ಡಬ್ಬಿಗಳಿಗೆ ತುಂಬಿ ಚೀಟಿ ಅಂಟಿಸಿದಿರಿ. ಯಲಬುರ್ಗಾಕ್ಕೆ ಕಾಲಿಡದವರೂ ಆ ಚೀಟಿಗಳನ್ನು ಬರೆಯಬಲ್ಲರು. ಥೀಮ್ ಅನ್ನುವುದು ಟ್ರಾನ್ಸ್‌ಕ್ರಿಪ್ಟ್ ಓದಿದ ಮೇಲೆ ಮಾತ್ರ ಹೇಳಲು ಸಾಧ್ಯವಾಗುವ ಒಂದು ವಾದ. ಅದನ್ನು ಕೇಳಿದವರು "ಹೌದೇ? ಎಲ್ಲಿ, ತೋರಿಸಿ" ಅನ್ನುವಂತಿರಬೇಕು. "ಕುಟುಂಬದ ಪಾತ್ರ" ಎಂದರೆ ಯಾರೂ ಅಲ್ಲಗಳೆಯಲಾರರು, ಯಾಕೆಂದರೆ ಅದು ಏನನ್ನೂ ಹೇಳಿಲ್ಲ. "ಗುಳಿಗೆ ಸೊಸೆಯ ಹೆಸರಿಗೆ ಬಂದರೂ ಎಷ್ಟು ನುಂಗಬೇಕೆಂಬುದು ಅತ್ತೆಯ ಹೆರಿಗೆಯ ಅನುಭವದ ಮೇಲೆ ತೀರ್ಮಾನವಾಗುತ್ತದೆ" ಎಂದರೆ ಅದು ಥೀಮ್. ಸುಳ್ಳಾಗುವ ಸಾಧ್ಯತೆ ಇರುವುದರಿಂದಲೇ ಅದಕ್ಕೆ ಬೆಲೆ.

ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಥೀಮ್ ಹುಡುಕುವ ವಿಶ್ಲೇಷಣೆಯ ಬಗ್ಗೆ 2006ರಲ್ಲಿ ಬರೆದ ಲೇಖನದ ಆರು ಹಂತಗಳನ್ನು ನೀವೂ ಮೆಥಡ್ಸ್‌ನಲ್ಲಿ ಬರೆದಿರಬಹುದು, ಹೆಚ್ಚಿನ ಥೀಸಿಸ್‌ಗಳಲ್ಲಿ ಅದೇ ಇರುತ್ತದೆ. ಆಮೇಲಿನ ವರ್ಷಗಳಲ್ಲಿ ಅವರಿಬ್ಬರೂ ಮತ್ತೆ ಮತ್ತೆ ಎತ್ತಿದ ಆಕ್ಷೇಪ ಇದೇ: ಒಂದು ವಿಷಯದ ಬಗ್ಗೆ ಬಂದ ಮಾತನ್ನೆಲ್ಲ ಒಂದೆಡೆ ಸೇರಿಸಿ ಥೀಮ್ ಎಂದು ಕರೆಯುತ್ತಾರೆ, ಆ ಮಾತುಗಳನ್ನು ಹೆಣೆಯುವ ಅರ್ಥ ಯಾವುದೆಂದು ಹೇಳುವುದಿಲ್ಲ.

ಹೆಣೆಯುವುದು ಹೇಗೆಂದು ಒಂದು ತುಣುಕಿನ ಮೇಲೆ ಮಾಡಿ ತೋರಿಸುತ್ತೇನೆ. ಇದು ವಿವರಣೆಗಾಗಿ ನಾನೇ ಬರೆದ ತುಣುಕು, ಯಾರ ನಿಜವಾದ ಮಾತೂ ಅಲ್ಲ. ಆದರೆ ಇಂಥ ಮಾತುಕತೆ ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲೂ ಸಿಕ್ಕೀತು. ಒಂದು ಅಂಗನವಾಡಿ, ಎಂಟು ಜನ ಬಸುರಿಯರು, ಅಂಕಿಗಳು ಅವರು ಕೂತ ಜಾಗದ್ದು, "ಮಾ" ಎಂದರೆ ಮಾಡರೇಟರ್.

ಮಾ: ಆಸ್ಪತ್ರ್ಯಾಗ ಕೊಟ್ಟ ಕೆಂಪು ಗುಳಿಗಿ ಈ ಊರಾಗ ಬಸುರ ಹೆಣಮಕ್ಕಳು ಹೆಂಗ ತಗೋತಾರ?
3: ತಗೋತೀವ್ರಿ. ದಿನಾ ಒಂದು.
(ಇಬ್ಬರು ನಗುತ್ತಾರೆ)
5: ಎಲ್ಲಿ ದಿನಾ? ಇಕಿ ಮನ್ಯಾಗ ಡಬ್ಬಿ ತುಂಬ ಹಂಗs ಐತ್ರಿ.
3: ತಗೊಂಡ್ರ ಹೊಟ್ಟಿ ತೊಳಸ್ತೈತ್ರಿ. ಮುಂಜಾನೆ ಎದ್ದು ಕೂಲಿಗೆ ಹೋಗೂದಿರ್ತೈತಿ.
1: ನಮ್ಮತ್ತಿ ಅಂತಾಳ, ಭಾಳ ತಗೋಬ್ಯಾಡ, ಕೂಸು ದಪ್ಪ ಆಗತೈತಿ, ಹಡಿಯಾಕ ಬರೂದಿಲ್ಲ ಅಂತ.
5: ಹೌದ್ರಿ, ಆಮ್ಯಾಲ ಆಪರೇಷನ್ ಅಂತಾರ.
7: (ಸ್ವಲ್ಪ ತಡೆದು) ನಾ ಎಲ್ಲಾ ತಗೊಂಡೀನ್ರಿ. ಮೊದಲ್ನೇ ಹೆರಿಗ್ಯಾಗ ರಕ್ತ ಏರಿಸಿದ್ರು ನನಗ.
5: ಆಕಿ ತವರುಮನ್ಯಾಗ ಅದಾಳ್ರಿ.
(2, 4 ತಲೆಯಾಡಿಸುತ್ತಾರೆ. 6, 8 ಸುಮ್ಮನಿದ್ದಾರೆ)

ಇಷ್ಟನ್ನು ನಿಮ್ಮ ಈಗಿನ ಪದ್ಧತಿಯಲ್ಲಿ ಕೋಡ್ ಮಾಡಿದರೆ, ಅಂದರೆ ಪ್ರತಿ ಮಾತಿಗೂ ಒಂದು ಹೆಸರು ಹಚ್ಚಿದರೆ, ಏನಾಗುತ್ತದೆ ನೋಡಿ. ಹೊಟ್ಟೆ ತೊಳಸುವುದು ಅಡ್ಡಪರಿಣಾಮಕ್ಕೆ, ದಪ್ಪ ಕೂಸು ಜ್ಞಾನದ ಕೊರತೆಗೆ, ಅತ್ತೆ ಕುಟುಂಬಕ್ಕೆ ಹೋಗುತ್ತದೆ. ಏಳನೆಯವಳು ಎಲ್ಲಾ ತೆಗೆದುಕೊಂಡಿರುವುದರಿಂದ ನಿಮ್ಮ ಪ್ರಶ್ನೆಗೆ ಹೊರಗಿನವಳಾಗಿ ಬಿಟ್ಟುಹೋಗುತ್ತಾಳೆ. ನಗು, ತಡೆದ ಹೊತ್ತು, ತಲೆಯಾಡಿಸಿದ್ದು, ಸುಮ್ಮನಿದ್ದದ್ದು ಯಾವುದಕ್ಕೂ ಜಾಗವೇ ಇಲ್ಲ. ಎಂಟು ಜನರನ್ನು ಒಬ್ಬೊಬ್ಬರಾಗಿ ಕೇಳಿದ್ದರೂ ಇಷ್ಟೇ ಸಿಗುತ್ತಿತ್ತು. ಹಾಗಾದರೆ ಗುಂಪು ಕೂಡಿಸಿದ್ದು ಯಾಕೆ?

ಈಗ ಇದನ್ನೇ ಗುಂಪಿನ ಮಾತಾಗಿ ಓದೋಣ. ಮೂರನೆಯವಳು ಮೊದಲು ಕೊಟ್ಟದ್ದು ಡಾಕ್ಟರಿಗೆ ಕೊಡುವ ಉತ್ತರ. ಅದನ್ನು ಮುರಿದದ್ದು ನೀವಲ್ಲ, ಪಕ್ಕದವಳು. ಒಬ್ಬೊಬ್ಬರ ಸಂದರ್ಶನದಲ್ಲಿ "ತಗೋತೀವ್ರಿ" ಎಂಬಲ್ಲಿಗೆ ಮಾತು ನಿಂತುಬಿಡುತ್ತಿತ್ತು. ಇಲ್ಲಿ ಒಂದು ನಗುವಿನಿಂದ ತುಂಬಿದ ಡಬ್ಬಿ ಹೊರಬಿತ್ತು. ಮುಂದೆ ಒಂದನೆಯವಳು ದಪ್ಪ ಕೂಸಿನ ಮಾತನ್ನು ಅತ್ತೆಯ ಬಾಯಲ್ಲಿಟ್ಟು ಹೇಳಿದಳು, ತನ್ನದೆಂದು ಹೇಳಲಿಲ್ಲ. ಐದನೆಯವಳು ಅದನ್ನು ಆಪರೇಷನ್‌ಗೆ ಜೋಡಿಸಿದಳು. ಇಲ್ಲಿಗೆ "ಜ್ಞಾನದ ಕೊರತೆ" ಎಂಬುದು ಅಲುಗಾಡಬೇಕು. ಗುಳಿಗೆ ರಕ್ತಕ್ಕೆ ಒಳ್ಳೆಯದೆಂದು ಇವರಿಗೆ ಗೊತ್ತು. ಅದರ ಎದುರಿಗೆ ಸಿಸೇರಿಯನ್ ಆದರೆ ಖರ್ಚು, ಕೂಲಿಗೆ ಹೋಗಲಾಗದ ತಿಂಗಳುಗಳು ಎಂಬ ಇನ್ನೊಂದು ಅಪಾಯವನ್ನೂ ಇಟ್ಟು ತೂಗುತ್ತಿರಬಹುದು. "ಇರಬಹುದು" ಎಂದೆ, ಯಾಕೆಂದರೆ ಸಿಸೇರಿಯನ್‌ನ ಖರ್ಚು, ಅದರಿಂದ ತಪ್ಪುವ ಕೂಲಿಯ ಮಾತು ಈ ತುಣುಕಿನಲ್ಲಿಲ್ಲ. ಅದು ಬೇರೆ ಕಡೆ ಬಂದಿದೆಯೇ ಎಂದು ಹುಡುಕಬೇಕು. ಬಂದಿಲ್ಲವಾದರೆ ಬರೆಯಬಾರದು.

ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೊನೆಯ ಎರಡು ಸಾಲುಗಳಿಗಿದೆ. ಏಳನೆಯವಳು ಗುಂಪಿಗೆ ವಿರುದ್ಧವಾದ ಅನುಭವ ಹೇಳಿದಳು. ಐದನೆಯವಳು ಅದನ್ನು ಸುಳ್ಳೆನ್ನಲಿಲ್ಲ, "ಆಕಿ ತವರುಮನ್ಯಾಗ ಅದಾಳ್ರಿ" ಎಂದು ಕಾರಣ ಕೊಟ್ಟಳು. ಅಂದರೆ ನೀವು ಕೇಳದೆಯೇ ಗುಂಪು ತನ್ನದೇ ಒಂದು ವಿವರಣೆ ಮುಂದಿಟ್ಟಿದೆ: ಗುಳಿಗೆ ನುಂಗುವುದು ಬಸುರಿ ಯಾರ ಮನೆಯಲ್ಲಿದ್ದಾಳೆ ಎಂಬುದರ ಮೇಲಿದೆ. ಆದರೆ ಏಳನೆಯವಳೇ ಕೊಟ್ಟ ಕಾರಣ ಬೇರೆ, ಆಕೆಗೆ ಮೊದಲ ಹೆರಿಗೆಯಲ್ಲಿ ರಕ್ತ ಏರಿಸಿದ್ದರು. ಒಂದೇ ನಡತೆಗೆ ಎರಡು ವಿವರಣೆ, ಒಂದು ಆಕೆಯದು, ಒಂದು ಗುಂಪಿನದು. ಇವೆರಡರ ನಡುವಿನ ಜಗ್ಗಾಟವೇ ನಿಮ್ಮ ಥೀಸಿಸ್‌ನ ಹೃದಯ ಆಗಬಲ್ಲದು.

ಇದನ್ನು ಕೋಡ್‌ಗೆ ಇಳಿಸುವಾಗ ಕೋಡ್‌ನ ಹೆಸರೇ ಅರ್ಧ ಕೆಲಸ ಮಾಡಬೇಕು. "ಅಡ್ಡಪರಿಣಾಮ" ಬದಲು "ಕೂಲಿಯ ಹೊತ್ತಿಗೆ ಹೊಟ್ಟೆ ತೊಳಸುವುದು". "ಕುಟುಂಬ" ಬದಲು "ಭಯವನ್ನು ಅತ್ತೆಯ ಮಾತಾಗಿ ಹೇಳುವುದು". ಜೊತೆಗೆ "ಮೊದಲು ಒಪ್ಪಿತ ಉತ್ತರ, ಆಮೇಲೆ ಪಕ್ಕದವರ ತಿದ್ದುಪಡಿ", "ತವರಿನಲ್ಲಿರುವವಳನ್ನು ಬೇರೆಯಾಗಿ ಎಣಿಸುವುದು". ಕೊನೆಯ ಎರಡು ಕೋಡ್‌ಗಳು ಏನು ಹೇಳಿದರು ಎಂಬುದಕ್ಕಲ್ಲ, ಗುಂಪಿನೊಳಗೆ ಏನು ನಡೆಯಿತು ಎಂಬುದಕ್ಕೆ. ಅಂಥ ಕೋಡ್ ಒಂದೂ ಇಲ್ಲದ ಗುಂಪು ಚರ್ಚೆಯ ವಿಶ್ಲೇಷಣೆಯನ್ನು ನಾನು ಅರೆಬರೆ ಎಂದೇ ಎಣಿಸುತ್ತೇನೆ. ಕೋಡಿಂಗ್ ಅನ್ನು ಕನ್ನಡ ಟ್ರಾನ್ಸ್‌ಕ್ರಿಪ್ಟ್ ಮೇಲೆಯೇ ಮಾಡಿ, ಥೀಸಿಸ್‌ಗೆ ಬೇಕಾದ ಉಲ್ಲೇಖಗಳನ್ನಷ್ಟೇ ಕೊನೆಗೆ ಇಂಗ್ಲಿಷಿಗೆ ತನ್ನಿ. ಮೊದಲೇ ಇಂಗ್ಲಿಷ್ ಮಾಡಿಕೊಂಡರೆ "ನಮ್ಮತ್ತಿ ಅಂತಾಳ" ಎಂಬ ತುಂಡು ಮಾಯವಾಗಿ, ಆ ಭಯ ಒಂದನೆಯವಳ ಸ್ವಂತ ನಂಬಿಕೆಯಾಗಿ ಉಳಿದುಬಿಡುತ್ತದೆ.

ಕೋಡ್‌ನಿಂದ ಥೀಮ್‌ಗೆ ಏರುವುದು ಒಂದೇ ಸಲಕ್ಕೆ ಆಗುವುದಿಲ್ಲ. ಮೊದಲು "ಗುಳಿಗೆ ನುಂಗುವ ತೀರ್ಮಾನ ಅತ್ತೆಯ ಕೈಯಲ್ಲಿದೆ" ಎಂದು ಬರೆದುಕೊಳ್ಳಿ. ಆಮೇಲೆ ಆರೂ ಟ್ರಾನ್ಸ್‌ಕ್ರಿಪ್ಟ್ ಹಿಡಿದು ಅದನ್ನು ಬೀಳಿಸುವ ಮಾತುಗಳನ್ನೇ ಹುಡುಕಿ. ಅತ್ತೆಯ ಜೊತೆ ಇದ್ದೂ ಪೂರ್ತಿ ತೆಗೆದುಕೊಂಡವಳು ಇದ್ದಾಳೆಯೇ? ಅತ್ತೆಯೇ ಕುಡಿಸಿದ ಮನೆ ಇದೆಯೇ? ಗಂಡನ ಜೊತೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದು, ಅತ್ತೆ ಜೊತೆಗಿಲ್ಲದೆಯೂ ನುಂಗದವಳು ಇದ್ದಾಳೆಯೇ? ಯಲಬುರ್ಗಾದಂಥ ಒಣ ಬೇಸಾಯದ ಕಡೆ ಈ ಕೊನೆಯ ಬಗೆಯವರು ಸಿಗುವುದು ಕಷ್ಟವಲ್ಲ. ಸಿಕ್ಕರೆ ನಿಮ್ಮ ಥೀಮ್ ಬದಲಾಗಬೇಕು. ಅತ್ತೆಯ ಅಧಿಕಾರ ಒಂದೇ ಕಾರಣವಲ್ಲ, ದುಡಿಮೆಯ ದಿನವೂ ಇನ್ನೊಂದು ಕಾರಣ ಎಂದಾಗುತ್ತದೆ. ಆಗ "ಬಸುರಿಯ ಹೊಟ್ಟೆ ತೊಳಸಿದರೂ ಮನೆಯ ಕೆಲಸ, ಕೂಲಿ ನಿಲ್ಲುವುದಿಲ್ಲ, ಆದ್ದರಿಂದ ಗುಳಿಗೆ ನಿಲ್ಲುತ್ತದೆ" ಎಂಬ ಎರಡನೆಯ ಥೀಮ್ ಹುಟ್ಟುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ, ದಿನಕ್ಕೊಂದರಂತೆ 60 ಮಿಲಿಗ್ರಾಂ ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಇದರಿಂದ ಬರುವುದು ತಿಳಿದ ವಿಷಯ. ಹೊಸದು ಗೊತ್ತಾಗುವುದು ಆ ವಾಕರಿಕೆ ಯಾರಿಗೆ, ದಿನದ ಯಾವ ಹೊತ್ತಿನಲ್ಲಿ ಹೊರಲಾಗದ ಭಾರವಾಗುತ್ತದೆ ಎಂಬುದರಲ್ಲಿ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಳಿಗೆಯಿಂದ ಕೂಸು ಹೆರಲಾಗದಷ್ಟು ದಪ್ಪವಾಗುತ್ತದೆ ಎಂಬುದು ನಿಜವಲ್ಲ. ಆದರೆ ಚರ್ಚೆಯ ನಡುವೆ ಅದನ್ನು ತಿದ್ದಬೇಡಿ. ಡಾಕ್ಟರು ತಿದ್ದಿದ ಕ್ಷಣದಿಂದ ಗುಂಪು ಮತ್ತೆ "ತಗೋತೀವ್ರಿ" ಎಂಬಲ್ಲಿಗೆ ಮರಳುತ್ತದೆ. ರೆಕಾರ್ಡರ್ ಆರಿಸಿದ ಮೇಲೆ ಕೂತು ಸಾವಧಾನವಾಗಿ ವಿವರಿಸಿ. ಅದನ್ನು ವಿವರಿಸದೆ ಎದ್ದು ಬರುವುದೂ ತಪ್ಪು.)

ಇನ್ನು ಪ್ರೊಫೆಸರ್ ಕೇಳಿದ್ದಕ್ಕೆ ಬರುತ್ತೇನೆ. ಎಷ್ಟು ಜನ ಹೀಗೆ ಹೇಳಿದರು ಎಂಬುದು ಸರ್ವೆಯಲ್ಲಿ ಪಳಗಿದವರಿಗೆ ಸಹಜವಾಗಿ ಬರುವ ಪ್ರಶ್ನೆ, ಅದಕ್ಕೆ ನೇರ ಉತ್ತರ ಕೊಡಬೇಕು. ಮೇಲಿನ ತುಣುಕಿನಲ್ಲಿ ದಪ್ಪ ಕೂಸಿನ ಭಯ ಎಷ್ಟು ಜನರದು? ಹೇಳಿದವಳು ಒಬ್ಬಳು, ಹೌದೆಂದವಳು ಒಬ್ಬಳು, ತಲೆಯಾಡಿಸಿದವರು ಇಬ್ಬರು. ಆ ಇಬ್ಬರು ತಲೆಯಾಡಿಸಿದ್ದು ಆಪರೇಷನ್ ಮಾತಿಗೋ, ತವರಿನ ಮಾತಿಗೋ? ಸುಮ್ಮನಿದ್ದ 6, 8 ಒಪ್ಪಿದರೋ, ಒಪ್ಪದೆ ಸುಮ್ಮನಾದರೋ? ಇದನ್ನು ಎಂಟರಲ್ಲಿ ನಾಲ್ಕು, ಐವತ್ತು ಶೇಕಡಾ ಎಂದು ಬರೆದರೆ ಆ ಅಂಕಿಗೆ ಅರ್ಥವೇ ಇಲ್ಲ. ಗುಂಪು ಚರ್ಚೆಯಲ್ಲಿ ಲೆಕ್ಕಕ್ಕೆ ಸಿಗುವ ಘಟಕ ಗುಂಪು, ವ್ಯಕ್ತಿಯಲ್ಲ. ಆರು ಗುಂಪು ಒಂದು ಕಡೆ, ಥೀಮ್‌ಗಳು ಇನ್ನೊಂದು ಕಡೆ ಇಟ್ಟು ಒಂದು ಕೋಷ್ಟಕ ಮಾಡಿ. ಕೋಷ್ಟಕದ ಪ್ರತಿ ಚೌಕದಲ್ಲಿ ಆ ಮಾತು ಬಂತೇ, ನೀವು ಕೇಳದೆ ಬಂತೋ ಕೇಳಿದ ಮೇಲೆ ಬಂತೋ, ಗುಂಪು ಒಪ್ಪಿತೋ ಜಗಳವಾಡಿತೋ ಎಂದು ಒಂದೊಂದು ಸಾಲು ಬರೆಯಿರಿ. ಪ್ರೊಫೆಸರಿಗೆ ಶೇಕಡಾವಾರಿಗಿಂತ ಹೆಚ್ಚಿನದು ಅದರಲ್ಲಿ ಸಿಗುತ್ತದೆ. ಶೇಕಡಾವಾರು ಬೇಕೇ ಬೇಕೆಂದರೆ ಅದಕ್ಕೆ ಬೇರೆ ಸರ್ವೆ ಮಾಡಬೇಕು, ಈ ಆರು ಗುಂಪಿನಿಂದ ಅದು ಹುಟ್ಟುವುದಿಲ್ಲ.

ಕಪ್ಪಾ ವಿಷಯದಲ್ಲಿ ನೀವು ಒಂದು ದಾರಿ ಹಿಡಿಯಬೇಕು. ಮೊದಲೇ ಕೋಡ್‌ಬುಕ್ ಕಟ್ಟಿಕೊಂಡು ಇಬ್ಬರು ಬೇರೆಬೇರೆಯಾಗಿ ಅದೇ ಕೋಡ್ ಹಚ್ಚುವ ಪದ್ಧತಿಯಾದರೆ, ಇಬ್ಬರ ಕೋಡಿಂಗ್ ಎಷ್ಟು ಹೊಂದುತ್ತದೆಂದು ಅಳೆಯುವ ಕೊಹೆನ್ ಕಪ್ಪಾ ಕೇಳುವುದು ನ್ಯಾಯ. ಬ್ರೌನ್ ಮತ್ತು ಕ್ಲಾರ್ಕ್ ಅವರ ರಿಫ್ಲೆಕ್ಸಿವ್ ಪದ್ಧತಿ ಅನುಸರಿಸಿದ್ದೇನೆ ಎಂದು ಬರೆದರೆ ಕಪ್ಪಾ ಹಾಕಬಾರದು. ಅವರೇ ಅದನ್ನು ಒಪ್ಪುವುದಿಲ್ಲ, ಯಾಕೆಂದರೆ ಅಲ್ಲಿ ಓದುವವರ ತಿಳಿವಳಿಕೆ ವಿಶ್ಲೇಷಣೆಯ ಭಾಗವೇ ಹೊರತು ತೊಡೆದುಹಾಕಬೇಕಾದ ದೋಷವಲ್ಲ. ಹೆಚ್ಚಿನ ಥೀಸಿಸ್‌ಗಳು ಬೀಳುವುದು ಎರಡನ್ನೂ ಒಟ್ಟಿಗೆ ಬರೆದು: ಮೇಲೆ ಬ್ರೌನ್ ಕ್ಲಾರ್ಕ್ ಹೆಸರು, ಕೆಳಗೆ ಕಪ್ಪಾ 0.8. ಪರೀಕ್ಷಕರು ವಿಷಯ ಬಲ್ಲವರಾದರೆ ಮೊದಲು ಅಲ್ಲೇ ಬೆರಳಿಡುತ್ತಾರೆ.

ನನ್ನ ಸಲಹೆ ಕೇಳಿದರೆ ಕಪ್ಪಾ ಬಿಡಿ, ಆದರೆ ಇನ್ನೊಬ್ಬರು ಓದುವುದನ್ನು ಬಿಡಬೇಡಿ. ಈ ಕಡೆಯ ಆಡುಮಾತು ಬಲ್ಲ ಸಹಪಾಠಿಯೊಬ್ಬರಿಗೆ ಎರಡು ಟ್ರಾನ್ಸ್‌ಕ್ರಿಪ್ಟ್ ಕೊಟ್ಟು ಅವರೂ ಕೋಡ್ ಮಾಡಲಿ. "ಆಕಿ ತವರುಮನ್ಯಾಗ ಅದಾಳ್ರಿ" ಎಂಬುದಕ್ಕೆ ನೀವು "ತವರಿನ ಆಸರೆ" ಎಂದು ಬರೆದಿದ್ದೀರಿ ಅನ್ನಿ, ಅವರು "ಏಳನೆಯವಳ ಮಾತನ್ನು ತಳ್ಳಿಹಾಕಿದ್ದು" ಎಂದು ಬರೆದಾರು. ಕಪ್ಪಾ ಲೆಕ್ಕದಲ್ಲಿ ಇದು ಬರೀ ಒಂದು ಭಿನ್ನಮತ. ಕೂತು ಮಾತಾಡಿದರೆ ಎರಡೂ ನಿಜವೆಂದು ಕಾಣುತ್ತದೆ: ಗುಂಪು ಆಕೆಯ ಅನುಭವಕ್ಕೆ ಕಾರಣವನ್ನೂ ಕೊಟ್ಟಿತು, ಅದು ತಮಗೆ ಅನ್ವಯಿಸದು ಎಂದೂ ಹೇಳಿತು. ಅಂಥ ಮಾತುಕತೆ ನಡೆದ ದಿನ, ಏನು ತೀರ್ಮಾನವಾಯಿತು ಎಂಬುದನ್ನು ಬರೆದಿಡಿ.

ಆರೇ ಗುಂಪು ಯಾಕೆ ಎಂಬ ಪ್ರಶ್ನೆಗೆ ಹುಷಾರಾಗಿ ಉತ್ತರಿಸಿ. ಗೆಸ್ಟ್ ಮತ್ತು ಸಂಗಡಿಗರು 2017ರಲ್ಲಿ 40 ಗುಂಪುಗಳ ಮೇಲೆ ನೋಡಿದಾಗ ಎರಡು ಮೂರು ಗುಂಪುಗಳಲ್ಲೇ ಶೇ. 80ಕ್ಕಿಂತ ಹೆಚ್ಚು ಥೀಮ್‌ಗಳು, ಮೂರರಿಂದ ಆರು ಗುಂಪುಗಳಲ್ಲಿ ಶೇ. 90ರಷ್ಟು ಕಾಣಿಸಿಕೊಂಡಿದ್ದವು. ಇದನ್ನು ಉಲ್ಲೇಖಿಸಿ "ಆರು ಸಾಕು" ಎಂದು ಬರೆಯುವ ಆಸೆ ಆಗುತ್ತದೆ. ಆದರೆ ಅಲ್ಲಿನ ಗುಂಪುಗಳು ಒಂದೇ ಬಗೆಯ ಜನರದು. ನಿಮ್ಮ ಆರು ಒಂದೇ ಬಗೆಯವಲ್ಲ. ಯಲಬುರ್ಗಾದ ಮಳೆ ನಂಬಿದ ಊರಿನ ಕೂಲಿ ಹೆಣ್ಣುಮಗಳು ಬೇರೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯ ಗಂಗಾವತಿಯವಳು ಬೇರೆ. ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು ಇರುವವರೂ ಇದ್ದಾರೆ. ಹೀಗಾಗಿ ನಿಮ್ಮ ಬಳಿ ಇರುವುದು ಆರು ಗುಂಪಲ್ಲ: ಎರಡು, ಎರಡು, ಒಂದು, ಒಂದು.

ಈ ಒಂದು, ಒಂದರಲ್ಲಿಯೇ ತೊಂದರೆ ಇದೆ. ನಿಮ್ಮ ಮುಖ್ಯ ವಾದ ಅತ್ತೆಯ ಮೇಲೆ ನಿಂತಿದ್ದು, ಅತ್ತೆಯರ ಗುಂಪು ಒಂದೇ ಇದ್ದರೆ, ಆ ಒಂದು ಗುಂಪಿನಲ್ಲಿ ಬಂದದ್ದು ಆ ಊರಿನ ವಿಶೇಷವೋ ಅತ್ತೆಯರ ಸಾಮಾನ್ಯ ಮಾತೋ ಹೇಳಲು ದಾರಿಯಿಲ್ಲ. ಇನ್ನೂ ಎರಡು ಅತ್ತೆಯರ ಗುಂಪು ಮಾಡಿ, ಒಂದು ಯಲಬುರ್ಗಾ ಕಡೆ, ಒಂದು ಗಂಗಾವತಿ ಕಡೆ. ಪ್ರತಿ ಗುಂಪಿನ ನಂತರ ಹೊಸ ಕೋಡ್ ಎಷ್ಟು ಬಂತು ಎಂದು ಸರಣಿಯಾಗಿ ಬರೆದು ತೋರಿಸಿ. ಅದು "ಸ್ಯಾಚುರೇಷನ್ ಆಯಿತು", ಅಂದರೆ ಹೊಸದೇನೂ ಬರುವುದು ನಿಂತಿತು, ಎಂಬ ಒಂದು ಸಾಲಿಗಿಂತ ನೂರು ಪಾಲು ಮೇಲು. ರಿಫ್ಲೆಕ್ಸಿವ್ ದಾರಿ ಹಿಡಿದವರು ಸ್ಯಾಚುರೇಷನ್ ಎಂಬ ಮಾತನ್ನೇ ಬಳಸಬೇಕಿಲ್ಲ, ಇಷ್ಟು ಗುಂಪು ನಿಮ್ಮ ಪ್ರಶ್ನೆಗೆ ಯಾಕೆ ಸಾಕೆಂದು ವಿವರಿಸಿದರೆ ಆಯಿತು.

ಈಗ ನೀವು ನನ್ನನ್ನು ಕೇಳದ, ಆದರೆ ಪರೀಕ್ಷಕರು ಕೇಳಲೇಬೇಕಾದ ಪ್ರಶ್ನೆ: ಚರ್ಚೆಯ ಹೊತ್ತಿಗೆ ಕೋಣೆಯಲ್ಲಿ ಯಾರಿದ್ದರು? ಬಸುರಿಯರನ್ನು ಕರೆತಂದದ್ದು ಆಶಾ ಕಾರ್ಯಕರ್ತೆ. ಕರೆತಂದವರು ಅಲ್ಲೇ ಬಾಗಿಲ ಬಳಿ ಕೂತಿದ್ದರೆ, ಗುಳಿಗೆ ಮನೆಗೆ ತಂದುಕೊಟ್ಟವರ ಎದುರಿಗೆ "ನುಂಗಲಿಲ್ಲ" ಎಂದು ಯಾರು ಹೇಳುತ್ತಾರೆ? ಇದನ್ನು ಟ್ರಾನ್ಸ್‌ಕ್ರಿಪ್ಟ್ ನೋಡಿಯೇ ಪತ್ತೆ ಹಚ್ಚಬಹುದು. ಮಾತಿನ ಸರದಿಯನ್ನು ಗುರುತಿಸುತ್ತ ಹೋಗಿ. ಮಾಡರೇಟರ್, ಒಬ್ಬಳು, ಮಾಡರೇಟರ್, ಇನ್ನೊಬ್ಬಳು ಎಂದು ಪುಟಗಟ್ಟಲೆ ಸಾಗಿದ್ದರೆ ಅದು ಗುಂಪು ಚರ್ಚೆಯಲ್ಲ, ಸಾಲಾಗಿ ಕೂಡಿಸಿ ಮಾಡಿದ ಸಂದರ್ಶನ. ಮೇಲಿನ ತುಣುಕಿನಲ್ಲಿ ಮಾಡರೇಟರ್ ಒಂದು ಸಲ ಮಾತಾಡಿದ್ದಾರೆ, ಏಳು ಮಾತು ಹೆಂಗಸರ ನಡುವೆಯೇ ಓಡಾಡಿದೆ. ನಿಮ್ಮ ಬಸುರಿಯರ ನಾಲ್ಕು ಗುಂಪುಗಳಲ್ಲಿ ಒಂದು ಬರೀ ಪ್ರಶ್ನೋತ್ತರದ ಧಾಟಿಯಲ್ಲಿದ್ದು, "ತಗೋತೀವ್ರಿ" ಮಾತ್ರ ತುಂಬಿದ್ದರೆ, ಆ ದಿನದ ನೋಟ್ ಟೇಕರ್ ಹಾಳೆ ತೆಗೆದು ಯಾರ್ಯಾರು ಇದ್ದರೆಂದು ನೋಡಿ. ಆ ಗುಂಪನ್ನು ಎಸೆಯಬೇಕಿಲ್ಲ, ಆಶಾ ಎದುರಿಗಿದ್ದಾಗ ಮಾತು ಹೇಗಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದನ್ನು ಉಳಿದ ಮೂರರ ಜೊತೆ ಸಮನಾಗಿ ತೂಗಬಾರದು.

ಸುಮ್ಮನಿದ್ದ 6, 8 ಯಾರು ಎಂಬುದೂ ಇದೇ ಹಾಳೆಯಿಂದ ಗೊತ್ತಾಗಬೇಕು. ಅಂಗನವಾಡಿ ಯಾವ ಓಣಿಯಲ್ಲಿದೆ, ಯಾರು ಚಾಪೆಯ ಮೇಲೆ, ಯಾರು ಗೋಡೆಗೆ ಒರಗಿ ದೂರ ಕೂತರು ಎಂಬ ಚಿತ್ರ ಇದ್ದರೆ ಜಾತಿಯ ಗೆರೆ ಅದರಲ್ಲಿ ಎದ್ದು ಕಾಣುತ್ತದೆ. ಬೇರೆ ಬೇರೆ ಕೇರಿಯವರನ್ನು ಒಂದೇ ಗುಂಪಿಗೆ ಸೇರಿಸಿದ್ದರೆ ಮಾತಾಡಿದ ಐದಾರು ಜನರ ಅನುಭವವೇ ಊರಿನ ಅನುಭವ ಎಂದು ಬರೆದಂತಾಗುತ್ತದೆ. ಸರಿಪಡಿಸುವ ದಾರಿ ಆ ಕೇರಿಯಲ್ಲೇ, ಅಲ್ಲಿಯವರಿಗೆ ಒಗ್ಗುವ ಜಾಗದಲ್ಲಿ ಇನ್ನೊಂದು ಗುಂಪು. ಸಮಯ ಇಲ್ಲವಾದರೆ ಈ ಮಿತಿಯನ್ನು ಬಿಚ್ಚಿ ಬರೆಯಿರಿ. "ಸ್ಯಾಂಪಲ್ ಸಣ್ಣದು" ಎಂಬ ರೂಢಿಯ ಮಾತು ಈ ಮಿತಿಯನ್ನು ಹೇಳುವುದಿಲ್ಲ.

ಇಂಥ ಅಧ್ಯಯನವನ್ನು ಎಷ್ಟು ನಂಬಬಹುದೆಂದು ನೋಡಲು ಲಿಂಕನ್ ಮತ್ತು ಗೂಬಾ 1985ರಲ್ಲಿ ಕೊಟ್ಟ ನಾಲ್ಕು ಮಾನದಂಡಗಳು, ಅಂದರೆ ಕ್ರೆಡಿಬಿಲಿಟಿ, ಟ್ರಾನ್ಸ್‌ಫರಬಿಲಿಟಿ, ಡಿಪೆಂಡಬಿಲಿಟಿ, ಕನ್ಫರ್ಮಬಿಲಿಟಿ, ನಿಮ್ಮ ಥೀಸಿಸ್‌ನಲ್ಲಿ ಬರಲೇಬೇಕು. ಆದರೆ ಅವುಗಳ ವ್ಯಾಖ್ಯೆ ಬರೆದು ಬಿಡುವುದರಿಂದ ಏನೂ ಸಿದ್ಧವಾಗುವುದಿಲ್ಲ. ಪ್ರತಿಯೊಂದರ ಕೆಳಗೆ ನೀವು ಮಾಡಿದ ಕೆಲಸ ಇರಬೇಕು. ಅವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ದುಡಿಯಬೇಕು. ನೀವು ಕಂಡದ್ದನ್ನು ಯಾಕೆ ನಂಬಬೇಕು ಎಂಬ ಪ್ರಶ್ನೆಗೆ ನಿಮ್ಮ ಅತಿ ಬಲವಾದ ಉತ್ತರ ಏಳನೆಯವಳು: ನನ್ನ ಥೀಮ್‌ಗೆ ಒಗ್ಗದವಳನ್ನು ಹುಡುಕಿದೆ, ಸಿಕ್ಕಳು, ಅವಳಿಂದ ಥೀಮ್ ಹೀಗೆ ಬದಲಾಯಿತು. ಆಶಾ ಗುಂಪಿನ ಮಾತನ್ನು ಬಸುರಿಯರ ಮಾತಿನ ಪಕ್ಕ ಇಟ್ಟು ನೋಡುವುದೂ ಇದರಲ್ಲೇ ಬರುತ್ತದೆ. ಆಶಾ "ಎಲ್ಲರಿಗೂ ಕೊಟ್ಟಿದ್ದೇವೆ" ಅಂದರು, ಬಸುರಿಯರು "ಡಬ್ಬಿ ತುಂಬಿದೆ" ಅಂದರು ಅನ್ನಿ. ಇಲ್ಲಿ ಯಾರದೂ ಸುಳ್ಳಲ್ಲ. ಕೊಟ್ಟದ್ದು ರಿಜಿಸ್ಟರ್‌ನಲ್ಲಿದೆ, ನುಂಗಿದ್ದು ಎಲ್ಲೂ ದಾಖಲಾಗಿಲ್ಲ. ಆ ಅಂತರವೇ ಒಂದು ಕಾಣ್ಕೆ.

ಕಂಡದ್ದನ್ನು ಹೆಂಗಸರ ಬಳಿಗೇ ಒಯ್ದು ಕೇಳುವ ಮೆಂಬರ್ ಚೆಕಿಂಗ್ ಬಗ್ಗೆ ಒಂದು ಎಚ್ಚರಿಕೆ. "ಇದು ಸರಿ ಇದೆಯಾ" ಎಂದು ಕೇಳಿದರೆ ನಮ್ಮ ಕಡೆಯವರು ಮನೆಗೆ ಬಂದ ಡಾಕ್ಟರಿಗೆ "ಹೌದ್ರಿ ಮೇಡಂ, ಸರಿ ಐತಿ" ಅಂದೇ ಅನ್ನುತ್ತಾರೆ. ಅದು ಮರ್ಯಾದೆ, ದೃಢೀಕರಣವಲ್ಲ. "ಇದರಾಗ ನಿಮ್ಮ ಊರಿಗೆ ಒಪ್ಪದ ಮಾತು ಯಾವುದೈತಿ?" ಎಂದು ಕೇಳಿ. ಒಪ್ಪದ್ದು ಹೇಳುವುದೇ ಕೆಲಸ ಎಂದಾದರೆ ಹೇಳುತ್ತಾರೆ. ಅತ್ತೆಯ ಮೇಲಿನ ಥೀಮನ್ನು ಸೊಸೆಯ ಮನೆಯ ಪಡಸಾಲೆಯಲ್ಲಿ ಓದಬೇಡಿ. ಗುಂಪಿನಲ್ಲಿ ಯಾರೋ ಹೇಳಿದ್ದು ಹೊರಗೆ ಹೋಗದಂತೆ ನೀವು ಪೂರ್ತಿ ಭರವಸೆ ಕೊಡಲಾರಿರಿ, ಕೇಳಿದವರು ಎಂಟು ಜನ ಇದ್ದಾರೆ. ಒಪ್ಪಿಗೆ ಪಡೆಯುವಾಗಲೇ ಇದನ್ನು ಹೇಳಬೇಕು. "ನೀನು ತಗೊಂಡ್ಯಾ" ಎನ್ನುವ ಬದಲು "ಈ ಊರಾಗ ಹೆಂಗ" ಎಂದು ಕೇಳಬೇಕಾದದ್ದೂ ಇದೇ ಕಾರಣಕ್ಕೆ.

ಟ್ರಾನ್ಸ್‌ಫರಬಿಲಿಟಿಗೆ ಊರಿನ ವಿವರ ಸಾಕಷ್ಟು ಕೊಡಿ: ನೀರಾವರಿಯೋ ಒಣ ಬೇಸಾಯವೋ, ಗುಳೆ ಯಾವ ತಿಂಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ. ಮಾನ್ವಿಯ ಅಥವಾ ಸಿರುಗುಪ್ಪದ ವೈದ್ಯಾಧಿಕಾರಿ ಓದಿದರೆ "ಇದು ನನ್ನ ಕಡೆಗೂ ಹೊಂದುತ್ತದೆಯೇ" ಎಂದು ಅವರೇ ತೀರ್ಮಾನಿಸುವಂತಿರಬೇಕು, ಅದನ್ನು ನೀವು ಘೋಷಿಸಬೇಡಿ. ಡಿಪೆಂಡಬಿಲಿಟಿಗೆ ಥೀಮ್‌ನ ಹಳೆಯ ರೂಪಗಳನ್ನು ಅಳಿಸದೆ ದಿನಾಂಕ ಹಾಕಿ ಇಟ್ಟುಕೊಳ್ಳಿ. "ಜ್ಞಾನದ ಕೊರತೆ" ಎಂದಿದ್ದದ್ದು "ಗೊತ್ತಿದ್ದೂ ನುಂಗದಿರುವುದು" ಆಗಿ, ಆಮೇಲೆ "ರಕ್ತದ ಭಯ, ಆಪರೇಷನ್ ಭಯಗಳ ನಡುವೆ ತೂಗುವುದು" ಆದ ಬಗೆ ಒಂದು ಪುಟದಲ್ಲಿ ಕಾಣಲಿ. ನಿಮ್ಮ ಹಳೆಯ ನಾಲ್ಕು ತಲೆಬರಹಗಳೂ ಆ ಪುಟದಲ್ಲಿ ಇರಲಿ, ನಾಚಿಕೆಪಡಬೇಕಾದ್ದೇನೂ ಇಲ್ಲ. ಕನ್ಫರ್ಮಬಿಲಿಟಿಗೆ ನೀವು ಡಾಕ್ಟರ್ ಎಂಬುದು ಅವರಿಗೆ ಗೊತ್ತಿತ್ತೇ, ಅದರಿಂದ ಮಾತು ಎಲ್ಲಿ ಬಿಗಿಯಾಯಿತು ಎಂಬುದನ್ನು ಬರೆಯಿರಿ. ಕೋರೆಕ್ ಎಂಬ 2007ರ ಚೆಕ್‌ಲಿಸ್ಟ್‌ನ 32 ಅಂಶಗಳಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಕೇಳಿದ್ದಾರೆ, ಹೊರಗಿನವರು ಯಾರಾದರೂ ಹಾಜರಿದ್ದರೇ ಎಂಬುದನ್ನೂ. ಅನುಬಂಧದಲ್ಲಿ ಹಾಕಿ. ಆದರೆ ಅದು ವರದಿ ಬರೆಯಲು ಇರುವ ಪಟ್ಟಿ, ಮಾಡದ ಕೆಲಸವನ್ನು 32 ಟಿಕ್‌ಗಳು ಮಾಡಿಕೊಡುವುದಿಲ್ಲ.

ಮುಂದಿನ ಕೆಲಸದ ಕ್ರಮ ಹೀಗಿರಲಿ. ಅತ್ತೆಯರ ಗುಂಪಿಗೆ ಹೋಗುವ ಮೊದಲು ಬಸುರಿಯರ ನಾಲ್ಕು ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಕನ್ನಡದಲ್ಲೇ ಮತ್ತೆ ಕೋಡ್ ಮಾಡಿ, ಯಾಕೆಂದರೆ ಅತ್ತೆಯರಿಗೆ ಏನು ಕೇಳಬೇಕೆಂಬುದು ಅಲ್ಲಿಂದ ಬರಬೇಕು. ಅವರ ಬಳಿ ಗುಳಿಗೆಯಿಂದ ಶುರು ಮಾಡಬೇಡಿ. "ನಿಮ್ಮ ಕಾಲಕ್ಕ ಹೆರಿಗಿ ಹೆಂಗ ಆಗ್ತಿತ್ತು, ಈಗ ಸೊಸೆಯರದು ಹೆಂಗ?" ಎಂಬುದರಿಂದ ಶುರು ಮಾಡಿದರೆ ದಪ್ಪ ಕೂಸು, ಆಪರೇಷನ್ ತಾವಾಗಿಯೇ ಬರುತ್ತವೆ. ಬಂದಿಲ್ಲವಾದರೆ ಅದೂ ಒಂದು ಕಾಣ್ಕೆ: ಸೊಸೆಯರು ಅತ್ತೆಯ ಬಾಯಲ್ಲಿಟ್ಟ ಭಯ ನಿಜಕ್ಕೂ ಯಾರದೆಂದು ಮತ್ತೆ ಕೇಳಬೇಕಾಗುತ್ತದೆ. ಮಾಡರೇಟರ್ ನೀವಾಗುವುದಕ್ಕಿಂತ ಆ ಕಡೆಯ, ಮಕ್ಕಳ ಮದುವೆ ಮಾಡಿದ ವಯಸ್ಸಿನ ಹೆಣ್ಣುಮಗಳೊಬ್ಬರಿಗೆ ತರಬೇತಿ ಕೊಟ್ಟು ಕೂಡಿಸಿ. ನೀವು ನೋಟ್ ಟೇಕರ್ ಆಗಿ ಹಿಂದೆ ಕೂತು ಯಾರು ಯಾರ ಮಾತಿಗೆ ತಲೆಯಾಡಿಸಿದರು ಎಂದು ಬರೆದುಕೊಳ್ಳಿ. ಅತ್ತೆಯರೆದುರು ಗಂಟಲು ಬಿಟ್ಟು ಪ್ರಶ್ನೆ ಕೇಳುವುದು ಮದುವೆಯಾಗದ ಡಾಕ್ಟರ್ ಹುಡುಗಿಗೆ ಕಷ್ಟ, ಅವರಿಗೂ ಆಕೆಗೆ ಹೆರಿಗೆಯ ಮಾತು ಬಿಚ್ಚಿ ಹೇಳುವುದು ಕಷ್ಟ.